ರಿಸ್ತ್ರೆತ್ತೊ, ಲುಂಗೊ, ಮಕ್ಕಿಯಾತೊ: ಒಂದು ಪದ ಸೇರಿದರೆ ಕಪ್ಪಿನಲ್ಲಿ ಏನು ಬದಲಾಗುತ್ತದೆ?

ಇಟಲಿಯ ಬಾರ್‌ನಲ್ಲಿ, ಅಂದರೆ ಅಲ್ಲಿನವರು ಬೆಳಿಗ್ಗೆಯಿಂದ ರಾತ್ರಿಯವರೆಗೆ ನಿಂತು ಕಾಫಿ ಕುಡಿಯುವ ಅಂಗಡಿಯಲ್ಲಿ, ‘ಉನ್ ಕಫ್ಫೆ’ ಎಂದಷ್ಟೇ ಹೇಳಿದರೆ ಸಿಗುವುದು ಎಸ್ಪ್ರೆಸೊ. ಆ ಹೆಸರನ್ನು ಹೇಳಬೇಕಾಗಿಯೇ ಇಲ್ಲ. ಅಲ್ಲಿ ಕಾಫಿ ಎಂದರೆ ಅದೇ. ಉಳಿದ ಪದಗಳೆಲ್ಲ ಆ ಕಪ್ಪಿಗೆ ಮಾಡುವ ಸಣ್ಣ ತಿದ್ದುಪಡಿಗಳು. ನೀರು ಕಡಿಮೆ ಇರಲಿ ಎನ್ನಲು ರಿಸ್ತ್ರೆತ್ತೊ, ಹೆಚ್ಚಿರಲಿ ಎನ್ನಲು ಲುಂಗೊ, ಒಂದಿಷ್ಟು ಹಾಲು ತಾಗಲಿ ಎನ್ನಲು ಮಕ್ಕಿಯಾತೊ. ಕಾಫಿ ಪುಡಿಯ ಅಳತೆ ಮಾತ್ರ ಈ ಮೂರರಲ್ಲೂ ಬದಲಾಗುವುದಿಲ್ಲ. ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಮೆನು ಹಲಗೆಯ ಅರ್ಧ ಗೊಂದಲ ಅಲ್ಲಿಯೇ ತೀರುತ್ತದೆ.

ಉಚ್ಚಾರಣೆ ಕನ್ನಡಿಗರಿಗೆ ಕಷ್ಟವಲ್ಲ. ಇಟಾಲಿಯನ್ನರ ‘ತ’ ನಮ್ಮ ‘ತ’ದಂತೆಯೇ ಹಲ್ಲಿಗೆ ತಾಗಿ ಬರುತ್ತದೆ, ಒತ್ತಕ್ಷರವನ್ನು ಅವರೂ ನಮ್ಮಂತೆ ಒತ್ತಿಯೇ ನುಡಿಯುತ್ತಾರೆ. ನಮ್ಮ ಊರಿನ ಕೆಫೆಗಳಲ್ಲಿ ‘ರಿಸ್ಟ್ರೆಟೊ’, ‘ಮ್ಯಾಕಿಯಾಟೊ’ ಎಂದು ಕೇಳಿಬರುವುದು ಇಂಗ್ಲಿಷಿನ ಮೂಲಕ ಬಂದ ರೂಪ. ಇಲ್ಲಿ ಅಲ್ಲಿನವರ ಬಾಯಿಗೆ ಹತ್ತಿರವಾಗುವಂತೆ ಬರೆದಿದ್ದೇನೆ.

ಮೊದಲು ಮೂಲ ಕಪ್ಪಿನ ಲೆಕ್ಕ

ತಿದ್ದುಪಡಿ ಅರ್ಥವಾಗಬೇಕಾದರೆ ಮೂಲ ತಿಳಿದಿರಬೇಕು. ಇಟಲಿಯ ರಾಷ್ಟ್ರೀಯ ಎಸ್ಪ್ರೆಸೊ ಸಂಸ್ಥೆ ಇಟ್ಟುಕೊಂಡಿರುವ ಅಳತೆ ಹೀಗಿದೆ: ಸುಮಾರು 7 ಗ್ರಾಂ ಪುಡಿ, 9 ಬಾರ್ ಒತ್ತಡ, ಸುಮಾರು 88 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು, 25 ಸೆಕೆಂಡಿನ ಆಸುಪಾಸು ಸಮಯ. ಕೊನೆಗೆ ಕಪ್ಪಿನಲ್ಲಿ ನೊರೆಯೂ ಸೇರಿ ಸುಮಾರು 25 ಮಿಲಿಲೀಟರ್ ಕಾಫಿ. ನಾಲ್ಕು ಗುಟುಕಿನಷ್ಟೂ ಇಲ್ಲದ ಈ ಕಾಫಿಯನ್ನು ದಪ್ಪ ಗೋಡೆಯ ಪುಟ್ಟ ಪಿಂಗಾಣಿ ಕಪ್ಪಿನಲ್ಲಿ ಕೊಡುತ್ತಾರೆ. ಕಪ್ಪನ್ನು ಯಂತ್ರದ ತಲೆಯ ಮೇಲಿಟ್ಟು ಮೊದಲೇ ಬಿಸಿ ಮಾಡಿರುತ್ತಾರೆ. ಇಷ್ಟು ಕಡಿಮೆ ದ್ರವ ತಣ್ಣನೆಯ ಕಪ್ಪಿಗೆ ಬಿದ್ದರೆ ಬಾಯಿಗೆ ಬರುವ ಮುನ್ನವೇ ಆರಿಹೋಗುತ್ತದೆ.

ಮೇಲಿನ ಕಂದು ನೊರೆಯನ್ನು ಅವರು ‘ಕ್ರೆಮಾ’ ಎನ್ನುತ್ತಾರೆ. ಹುರಿದ ಬೀಜದೊಳಗೆ ಉಳಿದಿರುವ ಇಂಗಾಲದ ಡೈಆಕ್ಸೈಡ್ ಒತ್ತಡದ ನೀರಿನಲ್ಲಿ ಕರಗಿ, ಹೊರಬಂದ ಕೂಡಲೇ ಸಣ್ಣ ಗುಳ್ಳೆಗಳಾಗಿ ಎದ್ದು ಈ ಪದರವಾಗುತ್ತದೆ. ಹಳೆಯ ಆವಿಯ ಯಂತ್ರಗಳಿಗೆ ಅಷ್ಟು ಒತ್ತಡ ಇರಲಿಲ್ಲ, ಹಾಗಾಗಿ ಕ್ರೆಮಾ ಕೂಡ ಇರಲಿಲ್ಲ. ಎರಡನೇ ಮಹಾಯುದ್ಧದ ನಂತರ ಮಿಲಾನಿನ ಅಕಿಲ್ಲೆ ಗಾಜಿಯಾ ಅವರ ಸನ್ನೆಕೋಲಿನ ಯಂತ್ರ ಬಂದ ಮೇಲೆ ಅದು ಎಸ್ಪ್ರೆಸೊದ ಗುರುತಾಯಿತು.

ಕರ್ನಾಟಕಕ್ಕೂ ಈ ನೊರೆಗೂ ನೇರ ನಂಟಿದೆ. ಭಾರತದ ಕಾಫಿಯ ಬಹುಪಾಲು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ. ಆ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶಗಳಲ್ಲಿ ಇಟಲಿ ಮುಂಚೂಣಿಯಲ್ಲಿದೆ. ತೊಳೆದು ಒಣಗಿಸಿದ ನಮ್ಮ ರೋಬಸ್ಟಾವನ್ನು ಎಸ್ಪ್ರೆಸೊ ಮಿಶ್ರಣಗಳಲ್ಲಿ ಬಳಸುವುದು ಮುಖ್ಯವಾಗಿ ಎರಡು ಕಾರಣಕ್ಕೆ: ಅದು ಕ್ರೆಮಾವನ್ನು ದಪ್ಪವಾಗಿಸಿ ಹೆಚ್ಚು ಹೊತ್ತು ನಿಲ್ಲಿಸುತ್ತದೆ, ಕಾಫಿಗೆ ಮೈ ತುಂಬುತ್ತದೆ.

ಯಾವ ಸೆಕೆಂಡಿನಲ್ಲಿ ಏನು ಇಳಿಯುತ್ತದೆ

ರಿಸ್ತ್ರೆತ್ತೊ ಮತ್ತು ಲುಂಗೊ ಎರಡೂ ‘ಎಲ್ಲಿ ನಿಲ್ಲಿಸಬೇಕು’ ಎಂಬ ಒಂದೇ ಪ್ರಶ್ನೆಯ ಎರಡು ಉತ್ತರಗಳು. ಪುಡಿಯಲ್ಲಿರುವುದೆಲ್ಲ ಒಂದೇ ವೇಗದಲ್ಲಿ ಕರಗುವುದಿಲ್ಲ. ಹುಳಿ, ಉಪ್ಪಿನಂಶ, ಘಮದ ಬಹುಪಾಲು ಮೊದಲು ಹೊರಬರುತ್ತವೆ. ಸಿಹಿಯ ಅನುಭವ ಕೊಡುವ ಅಂಶಗಳು ನಡುವೆ. ಕಹಿ ಮತ್ತು ಒಗರು ಹಿಂದೆ ಉಳಿದು, ನೀರು ಹರಿಯುತ್ತಲೇ ಇದ್ದರೆ ಕೊನೆಯಲ್ಲಿ ಎದ್ದು ಕಾಣುತ್ತವೆ. ಫಿಲ್ಟರ್ ಕಾಫಿ ಮಾಡುವ ಮನೆಯವರಿಗೆ ಇದು ಹೊಸದಲ್ಲ: ಮೊದಲ ಡಿಕಾಕ್ಷನ್ ಗಟ್ಟಿ, ಘಮಘಮ, ಅದೇ ಪುಡಿಗೆ ಮತ್ತೆ ನೀರು ಹಾಕಿ ಇಳಿಸಿದ ಎರಡನೆಯದು ತೆಳು, ಬರೀ ಕಹಿ. ಎಸ್ಪ್ರೆಸೊದಲ್ಲಿ ಈ ಎರಡೂ ಅರ್ಧ ನಿಮಿಷದೊಳಗೆ ಒಂದರ ಹಿಂದೆ ಒಂದು ಬಂದು ಒಂದೇ ಕಪ್ಪಿಗೆ ಬೀಳುತ್ತವೆ.

ಮನೆಯಲ್ಲಿ ಅಥವಾ ಕಚೇರಿಯಲ್ಲಿ ಪುಡಿ ತುಂಬುವ ಹಿಡಿಕೆಯಿರುವ ಯಂತ್ರವಿದ್ದರೆ ಇದನ್ನು ನಾಲಿಗೆಯ ಮೇಲೆಯೇ ಪರೀಕ್ಷಿಸಬಹುದು. ಈ ಮಾರ್ಗದರ್ಶಿಯಲ್ಲಿ ಒಂದನ್ನಷ್ಟೇ ಮಾಡಿ ನೋಡುವುದಾದರೆ ಇದನ್ನೇ ಮಾಡಿ ಎಂದು ಒತ್ತಿ ಹೇಳುತ್ತೇನೆ.

1. ಎರಡು ಕಪ್ಪಿನ ಜಾಲರಿಗೆ 14 ಗ್ರಾಂ ಪುಡಿಯನ್ನು ತೂಗಿ ಹಾಕಿ. ಮೇಲ್ಮೈ ಸಮ ಮಾಡಿ, ನೇರವಾಗಿ ಒತ್ತಿ. ಪುಡಿ ಒಂದು ಬದಿಗೆ ವಾಲಿದ್ದರೆ ನೀರು ತೆಳುವಾದ ಕಡೆಯಿಂದ ನುಗ್ಗುತ್ತದೆ, ಪರೀಕ್ಷೆ ಕೆಡುತ್ತದೆ.

2. ನಾಲ್ಕು ಸಣ್ಣ ಲೋಟಗಳನ್ನು ಸಾಲಾಗಿ ಇಟ್ಟುಕೊಳ್ಳಿ. ಹಿಡಿಕೆಗೆ ಎರಡು ಮೂತಿಗಳಿದ್ದರೆ ಎರಡೂ ಧಾರೆ ಒಂದೇ ಲೋಟಕ್ಕೆ ಬೀಳುವಂತೆ ಅಗಲ ಬಾಯಿಯ ಲೋಟ ಆರಿಸಿ.

3. ಯಂತ್ರ ಚಾಲೂ ಮಾಡಿ. ಗುಂಡಿ ಒತ್ತಿದ ಕೂಡಲೇ ಕಾಫಿ ಬರುವುದಿಲ್ಲ. ಪುಡಿ ನೆನೆಯಲು ಐದಾರು ಸೆಕೆಂಡು ಬೇಕು. ಮೊದಲ ಹನಿ ಬಿದ್ದಾಗಿನಿಂದ ಎಣಿಸಿ, ಎಂಟು ಸೆಕೆಂಡಿಗೊಮ್ಮೆ ಲೋಟ ಬದಲಿಸಿ.

4. ನಾಲ್ಕನೆಯ ಲೋಟ ಆದ ಮೇಲೆ ನಿಲ್ಲಿಸಿ. ಪ್ರತಿಯೊಂದನ್ನೂ ಕಲಕಿ ರುಚಿ ನೋಡಿ, ನಡುವೆ ನೀರು ಕುಡಿಯಿರಿ.

ಮೊದಲ ಲೋಟದ್ದು ಕಪ್ಪುಗಂದು, ಅಂಟು, ನಾಲಿಗೆ ಚುರುಗುಟ್ಟಿಸುವಷ್ಟು ಹುಳಿ. ಅದನ್ನಷ್ಟೇ ಕುಡಿಯುವುದು ಕಷ್ಟ. ಎರಡನೆಯದರಲ್ಲಿ ಹುಳಿ ತಗ್ಗಿ ಸಿಹಿ ಮೇಲೇಳುತ್ತದೆ. ಮೂರನೆಯದು ತಿಳಿ ಕಂದು, ತೆಳು, ಸ್ವಲ್ಪ ಕಹಿ. ನಾಲ್ಕನೆಯದು ಒಣಹುಲ್ಲಿನ ಬಣ್ಣಕ್ಕೆ ತಿರುಗಿರುತ್ತದೆ. ಘಮವಿಲ್ಲ, ಕಹಿಯ ಹಿಂದೆ ಮರದ ಒಗರು ಬಾಯಲ್ಲಿ ಉಳಿಯುತ್ತದೆ.

ಈಗ ಲೆಕ್ಕ ಸುಲಭ. ಮೊದಲ ಎರಡು ಲೋಟ ಸೇರಿಸಿದರೆ ರಿಸ್ತ್ರೆತ್ತೊಗೆ ಹತ್ತಿರದ್ದು ಸಿಗುತ್ತದೆ, ಮೂರನೆಯದನ್ನೂ ಸೇರಿಸಿದರೆ ಸಾಮಾನ್ಯ ಎಸ್ಪ್ರೆಸೊ, ನಾಲ್ಕನೆಯದನ್ನೂ ಸುರಿದರೆ ಲುಂಗೊ. ಮೂರನೆಯ ಲೋಟ ಒಂಟಿಯಾಗಿ ರುಚಿಸದಿದ್ದರೂ ಮೊದಲೆರಡರ ಜೊತೆ ಬೆರೆತಾಗ ಅವುಗಳ ಹುಳಿಯನ್ನು ಹದಕ್ಕೆ ತರುತ್ತದೆ. ಎಸ್ಪ್ರೆಸೊದ ಸಮತೋಲನಕ್ಕೆ ಆ ಕಹಿಯೂ ಬೇಕು.

ರಿಸ್ತ್ರೆತ್ತೊ

ಅದೇ 7 ಗ್ರಾಂ ಪುಡಿ, ಆದರೆ ಕಪ್ಪಿನಲ್ಲಿ 15 ರಿಂದ 20 ಮಿಲಿಲೀಟರ್ ಮಾತ್ರ. ನೀರು ಕಡಿಮೆಯಾದ್ದರಿಂದ ಬಾಯಿಗೆ ದಪ್ಪವಾಗಿ ತಾಗುತ್ತದೆ, ಘಮ ಒತ್ತಾಗಿರುತ್ತದೆ, ಕೊನೆಯ ಕಹಿ ಬಂದಿರುವುದಿಲ್ಲ.

ಇದನ್ನು ಮಾಡುವ ದಾರಿ ಎರಡು, ಎರಡರ ರುಚಿಯೂ ಒಂದಲ್ಲ. ಗಿಜಿಗುಡುವ ಬಾರ್‌ನಲ್ಲಿ ಬಾರಿಸ್ತಾ, ಅಂದರೆ ಕಾಫಿ ಮಾಡಿಕೊಡುವವರು, ಪುಡಿಯ ನುಣುಪನ್ನು ನಿಮಗೊಬ್ಬರಿಗಾಗಿ ಬದಲಿಸಲಾರರು. ಮುಂದಿನ ಹತ್ತು ಜನರ ಕಾಫಿ ಹದಗೆಡುತ್ತದೆ. ಅವರು ಸುಮ್ಮನೆ ಬೇಗ ನಿಲ್ಲಿಸುತ್ತಾರೆ. ಕಪ್ಪಾಗಿ ಹುರಿದ, ರೋಬಸ್ಟಾ ಬೆರೆತ ದಕ್ಷಿಣ ಇಟಲಿಯ ಮಿಶ್ರಣಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಅವುಗಳಲ್ಲಿ ಹುಳಿ ಕಡಿಮೆ, ಕಹಿ ಹೆಚ್ಚು. ಕೊನೆಯ ಕಹಿ ಧಾರೆಯನ್ನು ಕತ್ತರಿಸಿದಷ್ಟೂ ಒಳ್ಳೆಯದು. ತಿಳಿಯಾಗಿ ಹುರಿದ ಅರೇಬಿಕಾವನ್ನು ಹೀಗೆಯೇ ಬೇಗ ನಿಲ್ಲಿಸಿದರೆ ಮೇಲಿನ ಪರೀಕ್ಷೆಯ ಮೊದಲ ಲೋಟದ ಹುಳಿಯೇ ಕಪ್ಪನ್ನು ಆಳುತ್ತದೆ.

ಎರಡನೆಯ ದಾರಿ ಪುಡಿಯನ್ನು ಇನ್ನೂ ನುಣ್ಣಗೆ ಬೀಸುವುದು. ಆಗ ಕಡಿಮೆ ನೀರೇ ಹೆಚ್ಚು ಹೊತ್ತು ಪುಡಿಯೊಳಗಿದ್ದು ಸಿಹಿಯನ್ನು ಪೂರ್ತಿ ಎಳೆದು ತರುತ್ತದೆ. ಮನೆಯಲ್ಲಿ ಮಾಡುವವರಿಗೆ ನಾನು ಹೇಳುವುದು ಇದನ್ನೇ.

ಒಂದು ಉದಾಹರಣೆ ನೋಡೋಣ. 14 ಗ್ರಾಂ ಪುಡಿಯಿಂದ ನಿಮ್ಮ ಸಾಮಾನ್ಯ ಎಸ್ಪ್ರೆಸೊ 32 ಗ್ರಾಂ ತೂಗುತ್ತದೆ, ಬರಲು 27 ಸೆಕೆಂಡು ಬೇಕು ಎಂದಿಟ್ಟುಕೊಳ್ಳಿ. ಮಿಲಿಲೀಟರ್ ಬದಲು ತೂಕವನ್ನೇ ನೋಡಿ, ಏಕೆಂದರೆ ನೊರೆ ಕಣ್ಣಿಗೆ ಮೋಸ ಮಾಡುತ್ತದೆ: ತಾಜಾ ಹುರಿದ ಪುಡಿಯ ಕಾಫಿ ಕಪ್ಪಿನ ಅಂಚು ಮುಟ್ಟಿದಂತೆ ಕಂಡರೂ ನೊರೆ ಇಳಿದಾಗ ಅರ್ಧವೇ ಉಳಿಯಬಹುದು. ರಿಸ್ತ್ರೆತ್ತೊಗೆ 18 ಗ್ರಾಂ ಗುರಿಯಿಡಿ. ಪುಡಿ ಬದಲಿಸದೆ ನಿಲ್ಲಿಸಿದರೆ 18 ಗ್ರಾಂ ಸುಮಾರು 17-18 ಸೆಕೆಂಡಿಗೆ ಬರಬಹುದು. ರುಚಿ ನೋಡಿ. ಹುಳಿ ಚುಚ್ಚಿದರೆ ಬೀಸುವ ಯಂತ್ರವನ್ನು ಒಂದು ಗೆರೆ ನುಣುಪಿನ ಕಡೆಗೆ ತಿರುಗಿಸಿ, ಮೊದಲು ಬೀಳುವ ಒಂದೆರಡು ಗ್ರಾಂ ಹಳೆಯ ಪುಡಿಯನ್ನು ಚೆಲ್ಲಿ, ಮತ್ತೆ ಮಾಡಿ. 18 ಗ್ರಾಂ 23-25 ಸೆಕೆಂಡಿಗೆ ಬರುವಂತಾದರೆ ಹುಳಿ ಮೆತ್ತಗಾಗಿ ಸಿಹಿ ಕಾಣಿಸಿಕೊಳ್ಳುತ್ತದೆ. ಪುಡಿಯ ತೂಕವನ್ನೂ ನುಣುಪನ್ನೂ ಒಟ್ಟಿಗೆ ಬದಲಿಸಬೇಡಿ, ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಮಿತಿ ಮೀರಿದ್ದು ಧಾರೆಯಲ್ಲೇ ಗೊತ್ತಾಗುತ್ತದೆ. ಸರಿಯಾದ ಧಾರೆಯನ್ನು ಇಟಲಿಯ ಬಾರಿಸ್ತಾಗಳು ‘ಇಲಿಯ ಬಾಲ’ ಎನ್ನುತ್ತಾರೆ: ಮೇಲೆ ದಪ್ಪ, ಕೆಳಗೆ ಸಪೂರ, ಕಡಿಯದ ಎಳೆ. ಧಾರೆಯಾಗದೆ ಹನಿಹನಿಯಾಗಿ ಬಿದ್ದು 40 ಸೆಕೆಂಡು ದಾಟಿದರೆ ಪುಡಿ ಅತಿ ನುಣುಪಾಗಿದೆ. ಕಾಫಿ ಸುಟ್ಟ ವಾಸನೆ ಹೊಡೆಯುತ್ತದೆ, ಕ್ರೆಮಾ ಕಪ್ಪಾಗಿ ನಡುವೆ ತೂತು ಬಿದ್ದಂತೆ ಕಾಣುತ್ತದೆ. ಅದಕ್ಕೆ ವಿರುದ್ಧವಾಗಿ ಧಾರೆ ಶುರುವಿನಿಂದಲೇ ತಿಳಿ ಬಣ್ಣದಲ್ಲಿ ಚಿಮ್ಮಿದರೆ ನೀರು ಪುಡಿಯೊಳಗೆ ಬಿರುಕು ಹುಡುಕಿಕೊಂಡಿದೆ ಎಂದರ್ಥ. ಆಗ ಸಮಯ, ತೂಕ ಎಷ್ಟೇ ಸರಿಯಿದ್ದರೂ ಹುಳಿ ಮತ್ತು ಕಹಿ ಎರಡೂ ಒಟ್ಟಿಗೆ ಬರುತ್ತವೆ.

ರಿಸ್ತ್ರೆತ್ತೊ ರುಚಿಯಲ್ಲಿ ‘ಸ್ಟ್ರಾಂಗ್’ ಆದ್ದರಿಂದ ಕೆಫೀನ್ ಕೂಡ ಹೆಚ್ಚು ಎಂದು ಬಹಳ ಜನ ನಂಬುತ್ತಾರೆ. ಹಾಗಲ್ಲ. ಕೆಫೀನ್ ಬೇಗ ಕರಗುವುದರಿಂದ ಹೆಚ್ಚಿನ ಪಾಲು ಶುರುವಿನಲ್ಲಿಯೇ ಬಂದಿರುತ್ತದೆ, ನಿಜ. ಆದರೂ ಸ್ವಲ್ಪ ಪುಡಿಯಲ್ಲೇ ಉಳಿಯುತ್ತದೆ. ಹಾಗಾಗಿ ಒಂದೇ ಅಳತೆಯ ಪುಡಿಯಿಂದ ಮಾಡಿದ ಮೂರರಲ್ಲಿ ರಿಸ್ತ್ರೆತ್ತೊದಲ್ಲಿ ಕೆಫೀನ್ ತುಸು ಕಡಿಮೆ, ಲುಂಗೊದಲ್ಲಿ ತುಸು ಹೆಚ್ಚು. ನಿದ್ದೆಯ ಚಿಂತೆ ಇದ್ದರೆ ಪುಡಿಯಲ್ಲಿ ರೋಬಸ್ಟಾ ಎಷ್ಟಿದೆ ಎಂದು ನೋಡುವುದು ಹೆಚ್ಚು ಉಪಯುಕ್ತ. ಅದರಲ್ಲಿ ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್ ಇರುತ್ತದೆ.

ಲುಂಗೊ, ಅದರ ಪಕ್ಕದಲ್ಲೇ ಅಮೆರಿಕಾನೊ

ಅದೇ 7 ಗ್ರಾಂ ಪುಡಿಯ ಮೂಲಕ 40 ರಿಂದ 60 ಮಿಲಿಲೀಟರ್ ಇಳಿಸಿದರೆ ಲುಂಗೊ. ಪ್ರಮಾಣ ಹೆಚ್ಚು, ಮೈ ತೆಳು, ಕಹಿ ಮುಂದೆ. ಬಾರ್‌ನಲ್ಲಿ ಬಾರಿಸ್ತಾ ಯಂತ್ರವನ್ನು ಇನ್ನಷ್ಟು ಹೊತ್ತು ಹರಿಯಲು ಬಿಡುತ್ತಾರೆ, ಅಷ್ಟೇ. ನಮ್ಮ ನಾಲ್ಕನೆಯ ಲೋಟ ಪೂರ್ತಿಯಾಗಿ ಕಪ್ಪಿಗೆ ಬೀಳುವುದರಿಂದ ಕೊನೆಯ ಗುಟುಕಿನ ಒಗರು ತಪ್ಪುವುದಿಲ್ಲ. ಕಹಿಯೇ ಇಷ್ಟ ಎನ್ನುವವರಿಗೆ ಇದೇ ಸರಿ.

ಮನೆಯಲ್ಲಿ ಇದನ್ನು ಇನ್ನೂ ಚೆನ್ನಾಗಿ ಮಾಡಬಹುದು. ಪುಡಿಯನ್ನು ಒಂದೆರಡು ಗೆರೆ ತರಿಯಾಗಿ ಬೀಸಿ, 14 ಗ್ರಾಂ ಪುಡಿಯಿಂದ 50 ಗ್ರಾಂ ಕಾಫಿ 30-35 ಸೆಕೆಂಡಿಗೆ ಬರುವಂತೆ ನೋಡಿಕೊಳ್ಳಿ. ತರಿ ಪುಡಿಯಲ್ಲಿ ನೀರು ಬೇಗ ಸಾಗುವುದರಿಂದ ಪ್ರಮಾಣ ಹೆಚ್ಚಿದರೂ ಕಹಿ ಅಷ್ಟಾಗಿ ಏರುವುದಿಲ್ಲ. ಎಸ್ಪ್ರೆಸೊದ ನುಣುಪಿನಲ್ಲೇ 50 ಗ್ರಾಂ ಎಳೆದರೆ 40 ಸೆಕೆಂಡಿನ ಸುತ್ತ ಹೋಗುತ್ತದೆ, ಕೊನೆಯ ಹತ್ತು ಸೆಕೆಂಡು ಬರೀ ಹಳದಿ ನೀರು. ಧಾರೆ ಒಣಹುಲ್ಲಿನ ಬಣ್ಣಕ್ಕೆ ತಿರುಗಿದ್ದು ಕಂಡ ಕೂಡಲೇ ನಿಲ್ಲಿಸಿ. ತೂಕ ಇನ್ನೂ ಮುಟ್ಟಿಲ್ಲದಿದ್ದರೂ ನಿಲ್ಲಿಸಿ.

ಹೆಚ್ಚು ಕಾಫಿ ಬೇಕು, ಕಹಿ ಬೇಡ ಎನ್ನುವವರು ಕೇಳಬೇಕಾದ್ದು ಲುಂಗೊ ಅಲ್ಲ, ಅಮೆರಿಕಾನೊ. ಅಲ್ಲಿ ಸಾಮಾನ್ಯ ಎಸ್ಪ್ರೆಸೊವನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿ, ಬಿಸಿನೀರನ್ನು ಆಮೇಲೆ ಬೆರೆಸುತ್ತಾರೆ. ಲುಂಗೊದ ಹೆಚ್ಚುವರಿ ನೀರು ಪುಡಿಯ ಮೂಲಕ ಬಂದದ್ದು, ಅಮೆರಿಕಾನೊದ ನೀರು ಪುಡಿಯನ್ನು ಮುಟ್ಟಿಲ್ಲ. ವ್ಯತ್ಯಾಸವೆಲ್ಲ ಅದರಲ್ಲೇ ಇದೆ. ಎಷ್ಟೋ ಬಾರ್‌ಗಳಲ್ಲಿ ಬಿಸಿನೀರನ್ನು ಪುಟ್ಟ ಹೂಜಿಯಲ್ಲಿ ಬೇರೆಯಾಗಿ ಕೊಡುತ್ತಾರೆ, ಬೇಕಾದಷ್ಟು ನೀವೇ ಸುರಿದುಕೊಳ್ಳಬಹುದು.

ಕ್ಯಾಪ್ಸೂಲ್ ಯಂತ್ರ ಇರುವವರಿಗೆ ಒಂದು ಎಚ್ಚರಿಕೆ. ನೆಸ್ಪ್ರೆಸೊದ ಮೂಲ ಯಂತ್ರಗಳ ಅಳತೆಯಲ್ಲಿ ರಿಸ್ತ್ರೆತ್ತೊ 25 ಮಿಲಿಲೀಟರ್, ಎಸ್ಪ್ರೆಸೊ 40, ಲುಂಗೊ 110. ಅಂದರೆ ಅದರ ರಿಸ್ತ್ರೆತ್ತೊದ ಪ್ರಮಾಣ ಇಟಲಿಯ ಬಾರ್‌ನ ಸಾಮಾನ್ಯ ಕಾಫಿಯಷ್ಟಿದೆ. ಎಸ್ಪ್ರೆಸೊಗೆಂದು ಮಾಡಿದ ಕ್ಯಾಪ್ಸೂಲ್ ಹಾಕಿ ಲುಂಗೊ ಗುಂಡಿ ಒತ್ತಿದರೆ ಸಿಗುವುದು ಕಹಿ ನೀರು. ಆ ಗುಂಡಿಗೆ ಲುಂಗೊ ಕ್ಯಾಪ್ಸೂಲನ್ನೇ ಬಳಸಿ.

ಮಕ್ಕಿಯಾತೊ: ಹಾಲು ಎಷ್ಟು, ಬಿಸಿಯೋ ತಣ್ಣಗೋ?

ಇಲ್ಲಿ ಕಾಫಿಯ ಇಳಿಕೆ ಬದಲಾಗುವುದಿಲ್ಲ. ಸಾಮಾನ್ಯ ಎಸ್ಪ್ರೆಸೊಗೆ ಒಂದೆರಡು ಚಮಚ ಹಾಲು ತಾಗಿಸುತ್ತಾರೆ, ಕಪ್ಪು ಕಾಫಿಯ ಮೇಲೆ ಒಂದು ಕಲೆಯಷ್ಟು. ಹಾಲಿನ ಪ್ರೋಟೀನು ಕಾಫಿಯ ಒಗರು ಅಂಶಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಕೊಬ್ಬು ನಾಲಿಗೆಗೆ ಮೃದುವಾಗಿ ತಾಗುತ್ತದೆ. ಇಷ್ಟು ಕಡಿಮೆ ಹಾಲಿಗೂ ಕಹಿಯ ಮೊನೆ ಮುರಿಯುತ್ತದೆ, ಕಾಫಿ ಮಾತ್ರ ಕಾಫಿಯಾಗಿಯೇ ಉಳಿಯುತ್ತದೆ.

ಆದೇಶ ಕೊಡುವಾಗ ‘ಕಾಲ್ದೊ’ ಅಥವಾ ‘ಫ್ರೆದ್ದೊ’ ಎಂದು ಸೇರಿಸಬಹುದು. ಕಾಲ್ದೊ ಎಂದರೆ ಆವಿಯಿಂದ ನೊರೆಯೆಬ್ಬಿಸಿದ ಬಿಸಿ ಹಾಲು. ಫ್ರೆದ್ದೊ ಎಂದರೆ ತಣ್ಣನೆಯ ಹಾಲು, ಸಾಮಾನ್ಯವಾಗಿ ಪುಟ್ಟ ಹೂಜಿಯಲ್ಲಿ ಪಕ್ಕಕ್ಕಿಡುತ್ತಾರೆ. ಇದರಿಂದ ಕಪ್ಪಿನ ಬಿಸಿ ಎಷ್ಟು ಬದಲಾಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಎಸ್ಪ್ರೆಸೊ ಕಪ್ಪಿನಲ್ಲಿ ಸುಮಾರು 67 ಡಿಗ್ರಿ ಇರುತ್ತದೆ. ಅದರ 25 ಮಿಲಿಲೀಟರಿಗೆ ಫ್ರಿಜ್‌ನಿಂದ ತೆಗೆದ 5 ಡಿಗ್ರಿಯ ಹಾಲನ್ನು 10 ಮಿಲಿಲೀಟರ್ ಸುರಿದರೆ ಮಿಶ್ರಣ ಸುಮಾರು 49 ಡಿಗ್ರಿಗೆ ಇಳಿಯುತ್ತದೆ. ಅಷ್ಟೇ ಹಾಲು 60 ಡಿಗ್ರಿಯಲ್ಲಿದ್ದರೆ 65 ಡಿಗ್ರಿಯಲ್ಲೇ ನಿಲ್ಲುತ್ತದೆ. ಬಸ್ಸಿಗೆ ಹೊರಟವರು ಒಂದೇ ಗುಟುಕಿಗೆ ಮುಗಿಸಬಹುದಾದದ್ದು ಫ್ರೆದ್ದೊ. ಆದರೆ ಬಿಸಿಬಿಸಿ ಫಿಲ್ಟರ್ ಕಾಫಿಗೆ ಒಗ್ಗಿದ ನಾಲಿಗೆಗೆ ಅದು ಉಗುರುಬೆಚ್ಚಗೆ ಎನಿಸುವುದು ಖಂಡಿತ. ನಮ್ಮವರು ಕಾಲ್ದೊ ಎಂದೇ ಹೇಳುವುದು ಕ್ಷೇಮ.

ಮನೆಯಲ್ಲಿ ಇದರ ತೊಡಕು ನೊರೆಯದ್ದು. ಎರಡು ಚಮಚ ಹಾಲಿಗೆ ಆವಿ ಕೊಡಲಾಗದು, ಕೊಳವೆಯ ತುದಿ ಮುಳುಗುವುದೇ ಇಲ್ಲ. ಕನಿಷ್ಠ 100 ಮಿಲಿಲೀಟರ್ ತಣ್ಣನೆಯ ಹಾಲು ತೆಗೆದುಕೊಂಡು, ಮೊದಲ ಕೆಲವು ಸೆಕೆಂಡು ಕೊಳವೆಯ ತುದಿಯನ್ನು ಮೇಲ್ಮೈಯಲ್ಲಿಟ್ಟು ಗಾಳಿ ಸೇರಿಸಿ, ಆಮೇಲೆ ಒಳಗಿಳಿಸಿ ಸುಳಿಯೆಬ್ಬಿಸಿ. ಪಾತ್ರೆ ಕೈಗೆ ಸುಡತೊಡಗಿದಾಗ ನಿಲ್ಲಿಸಿ, ಅದು ಸುಮಾರು 60 ಡಿಗ್ರಿ. 70 ದಾಟಿದರೆ ಕಾಯಿಸಿದ ಹಾಲಿನ ವಾಸನೆ ಬರುತ್ತದೆ, ನೊರೆ ಒಡೆಯುತ್ತದೆ. ನಮಗೆ ಹಾಲು ಉಕ್ಕುವವರೆಗೆ ಕಾಯಿಸಿಯೇ ಅಭ್ಯಾಸ, ಆದ್ದರಿಂದ ಇಲ್ಲಿ ಕೈ ತಡೆಯುವುದೇ ಕಷ್ಟದ ಕೆಲಸ. ಒಂದೆರಡು ಚಮಚ ಕಪ್ಪಿಗೆ ಹಾಕಿಕೊಂಡು ಉಳಿದ ಹಾಲನ್ನು ಬೇರೊಬ್ಬರ ಕಪ್ಪಿಗೆ ಕೊಡಿ.

ಪದಗಳ ಕ್ರಮ ತಿರುಗಿಸಿ ‘ಲತ್ತೆ ಮಕ್ಕಿಯಾತೊ’ ಎಂದರೆ ಕಪ್ಪೂ ತಿರುಗುತ್ತದೆ: ಎತ್ತರದ ಗಾಜಿನ ಲೋಟದ ತುಂಬ ಬಿಸಿ ಹಾಲು, ಅದಕ್ಕೆ ತಾಗಿಸಿದ ಒಂದು ಎಸ್ಪ್ರೆಸೊ. ಅಂತರರಾಷ್ಟ್ರೀಯ ಸರಣಿ ಅಂಗಡಿಗಳಲ್ಲಿ ಕ್ಯಾರಮೆಲ್ ಸೇರಿಸಿ ಮಕ್ಕಿಯಾತೊ ಎಂದು ಮಾರುವ ದೊಡ್ಡ ಲೋಟ ಈ ಜಾತಿಯದು. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಇಟಲಿಯಲ್ಲಿ ಬರೀ ಮಕ್ಕಿಯಾತೊ ಕೇಳಿದವರಿಗೆ ಬೆರಳುದ್ದದ ಕಪ್ಪು ಬರುತ್ತದೆ. ಇನ್ನು ‘ಲತ್ತೆ’ ಎಂದಷ್ಟೇ ಹೇಳಿದರೆ ಸಿಗುವುದು ಬರೀ ಹಾಲು. ಹಾಲು ಕಾಫಿ ಬೇಕಿದ್ದರೆ ‘ಕಫ್ಫೆಲತ್ತೆ’ ಎಂದು ಪೂರ್ತಿ ಹೇಳಿ.

ಕೌಂಟರಿನ ಮುಂದೆ

ರೈಲು ನಿಲ್ದಾಣ, ಹೆದ್ದಾರಿಯಂಥ ಜನಜಂಗುಳಿಯ ಜಾಗಗಳಲ್ಲಿ ಮೊದಲು ‘ಕಾಸ್ಸಾ’ದಲ್ಲಿ ದುಡ್ಡು ಕೊಟ್ಟು ರಸೀದಿ ತೆಗೆದುಕೊಂಡು, ಅದನ್ನು ಕೌಂಟರಿನ ಮೇಲಿಟ್ಟು ಬಾರಿಸ್ತಾಗೆ ಹೇಳುತ್ತಾರೆ. ಬಡಾವಣೆಯ ಸಣ್ಣ ಬಾರ್‌ಗಳಲ್ಲಿ ಸಾಮಾನ್ಯವಾಗಿ ಮೊದಲು ಕುಡಿದು ಹೊರಡುವಾಗ ಕೊಡಬಹುದು. ನಿಂತು ಕುಡಿಯುವುದಕ್ಕೂ ಮೇಜಿಗೆ ತರಿಸಿಕೊಳ್ಳುವುದಕ್ಕೂ ದರ ಬೇರೆ ಇರಬಹುದು, ಪ್ರವಾಸಿ ಚೌಕಗಳಲ್ಲಿ ವ್ಯತ್ಯಾಸ ದೊಡ್ಡದೇ. ಆದೇಶ ಹೀಗೆ: ‘ಉನ್ ಕಫ್ಫೆ ರಿಸ್ತ್ರೆತ್ತೊ, ಪೆರ್ ಫವೋರೆ.’ ತಿದ್ದುಪಡಿಯ ಪದ ಯಾವಾಗಲೂ ಕಫ್ಫೆಯ ನಂತರ. ಪದಗಳನ್ನು ಕೂಡಿಸಲೂಬಹುದು: ‘ಲುಂಗೊ ಮಕ್ಕಿಯಾತೊ’ ಎಂದರೆ ಹೆಚ್ಚು ನೀರಿಳಿಸಿದ ಕಾಫಿಗೆ ಚೂರು ಹಾಲು. ‘ಕೊರ್ರೆತ್ತೊ’ ಎಂಬ ಪದದ ಬಗ್ಗೆ ಎಚ್ಚರವಿರಲಿ, ಅದಕ್ಕೆ ಗ್ರಾಪ್ಪಾದಂಥ ಮದ್ಯ ಬೆರೆಸುತ್ತಾರೆ.

ಊರು ಬದಲಾದರೆ ಅಳತೆಯೂ ಬದಲಾಗುತ್ತದೆ. ನೇಪಲ್ಸ್‌ನಲ್ಲಿ ಕಾಫಿ ಎಂದಷ್ಟೇ ಕೇಳಿದರೂ ಉತ್ತರ ಇಟಲಿಯ ರಿಸ್ತ್ರೆತ್ತೊಗೆ ಹತ್ತಿರದ ಗಟ್ಟಿ ಕಾಫಿ ಬರುತ್ತದೆ. ಜೊತೆಗೆ ಕೊಡುವ ನೀರನ್ನು ಕಾಫಿಗೆ ಮೊದಲು ಕುಡಿಯಬೇಕು, ಬಾಯಿ ಶುದ್ಧವಾಗಿ ರುಚಿ ತಿಳಿಯಲೆಂದು. ಅಲ್ಲಿ ಮತ್ತೆ ರಿಸ್ತ್ರೆತ್ತೊ ಎಂದು ಕೇಳಿದರೆ ಕಪ್ಪಿನ ತಳ ಮುಚ್ಚುವಷ್ಟೇ ಸಿಗಬಹುದು. ಇನ್ನು ಕಾಫಿ ವ್ಯಾಪಾರದ ಹಳೆಯ ಬಂದರು ತ್ರಿಯೆಸ್ತೆಯಲ್ಲಿ ಈ ಪದಗಳೇ ಬೇರೆ. ಅಲ್ಲಿ ಎಸ್ಪ್ರೆಸೊಗೆ ‘ನೇರೊ’ ಎನ್ನುತ್ತಾರೆ, ಮಕ್ಕಿಯಾತೊಗೆ ‘ಕಾಪೊ’, ಅದನ್ನೇ ಪುಟ್ಟ ಗಾಜಿನ ಲೋಟದಲ್ಲಿ ಬಯಸಿದರೆ ‘ಕಾಪೊ ಇನ್ ಬಿ’. ಉಳಿದ ಇಟಲಿಯ ಕಪ್ಪುಚ್ಚೀನೊ ಬೇಕಿದ್ದವರು ಆ ಊರಿನಲ್ಲಿ ‘ಕಫ್ಫೆಲತ್ತೆ’ ಎಂದು ಕೇಳಬೇಕು.